ಹತ್ತುವ ಕಾಲು, ಇಳಿಯುವ ಕಾಲು: ಪೆರ್ಲ ಕಡೆಯ ಒಂದು ಪ್ರಕರಣ

ಕಾಸರಗೋಡಿನ ಒಳನಾಡಿನಲ್ಲಿ, ಬದಿಯಡ್ಕ ದಾಟಿ ಪೆರ್ಲದ ಕಡೆಗೆ ಹೋದರೆ, ಮನೆ ಗುಡ್ಡದ ಬದಿಯಲ್ಲಿ, ಅಡಿಕೆ ತೋಟ ಕೆಳಗೆ ತೋಡಿನ ಪಕ್ಕದಲ್ಲಿ ಇರುವುದೇ ಹೆಚ್ಚು. ನಡುವೆ ಮುರಕಲ್ಲಿನ ಮೆಟ್ಟಿಲು. ಮಹಡಿ ಮನೆಯವರು ಹತ್ತಿ ಹೋಗಿ ಇಳಿದು ಬರುತ್ತಾರೆ. ಇಲ್ಲಿ ಹಾಗಲ್ಲ. ಬೆಳಿಗ್ಗೆ ಎದ್ದು ಮೈ ಇನ್ನೂ ಬಿಸಿಯಾಗುವ ಮೊದಲೇ ಇಳಿಯಬೇಕು, ದಣಿದ ಮೇಲೆ ಹತ್ತಬೇಕು. ನಾನು ಈ ಭಾಗದಲ್ಲಿ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡುವವನು. ಮೊಣಕಾಲಿನ ದೂರುಗಳಲ್ಲಿ ಅರ್ಧಕ್ಕರ್ಧ ಈ ಮೆಟ್ಟಿಲುಗಳಿಂದಲೇ ಶುರುವಾಗುತ್ತವೆ. ಅಂಥ ಒಂದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ.

ಅವರಿಗೆ 58 ವರ್ಷ, ತೂಕ 60 ಕಿಲೊ. ಇಲ್ಲಿ ಅವರನ್ನು ಅಕ್ಕ ಎಂದೇ ಕರೆಯುತ್ತೇನೆ, ಮನೆಗೆ ಹೋದಾಗಲೂ ಹಾಗೆಯೇ ಕರೆಯುವುದು. ಮಳೆಗಾಲದಲ್ಲಿ ಡೆಂಗಿ ಜ್ವರ ಬಂದು ಮೂರು ವಾರ ಮಲಗಿದ್ದರು. ಎದ್ದ ಮೇಲೆ ತೋಟಕ್ಕೆ ಹೋಗಲು ಶುರು ಮಾಡಿದಾಗ ಬಲ ಮೊಣಕಾಲಿನ ಮುಂಭಾಗದಲ್ಲಿ, ಚಿಪ್ಪಿನ ಸುತ್ತ ನೋವು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಸವೆತ ಸ್ವಲ್ಪ ಇದೆ, ಮೆಟ್ಟಿಲು ಕಡಿಮೆ ಮಾಡಿ ಎಂದಿದ್ದರು. ಮೆಟ್ಟಿಲು ಕಡಿಮೆ ಮಾಡುವುದೆಂದರೆ ಈ ಮನೆಯಲ್ಲಿ ತೋಟ ಬಿಡುವುದು ಎಂದೇ ಅರ್ಥ. ಅಕ್ಕನಿಗೆ ಅದಕ್ಕಿಂತ ದೊಡ್ಡದಾಗಿ ಕಾಡುತ್ತಿದ್ದುದು ಬೇರೆ.

"ಹತ್ತುಲೆ ಎಂತ ತೊಂದರೆಯೂ ಇಲ್ಲೆ ಡಾಕ್ಟ್ರೆ, ಇಳಿವಲೆ ಎಡಿತ್ತಿಲ್ಲೆ. ಸವೆದ ಗಂಟು ಆದರೆ ಎರಡಕ್ಕೂ ಬೇನೆ ಆಯೆಕ್ಕಲ್ದಾ?"

ಸರಿಯಾದ ಪ್ರಶ್ನೆ. ಮನೆಯವರು ಇದಕ್ಕೆ ತಮ್ಮದೇ ಉತ್ತರ ಕಂಡುಕೊಂಡಿದ್ದರು: ಹತ್ತುವುದು ಕಷ್ಟದ ಕೆಲಸ, ಇಳಿಯುವುದು ಸುಲಭದ್ದು, ಕಷ್ಟದ್ದು ಆಗಿ ಸುಲಭದ್ದು ಆಗುವುದಿಲ್ಲ ಎಂದರೆ ಅದು ಹೆದರಿಕೆ. ಮಗ ಅದನ್ನು ಅವರೆದುರಿಗೇ ಹೇಳಿದ. ಹೆದರಿಕೆ ಇದ್ದದ್ದು ನಿಜ. ಆದರೆ ಅದು ಕಾರಣವಲ್ಲ, ಪರಿಣಾಮ.

ಮೆಟ್ಟಿಲಿನ ಬಳಿ ಕಂಡದ್ದು

ಮಂಚದ ಮೇಲೆ ಮಲಗಿಸಿ ಮೊಣಕಾಲು ನೋಡುವ ಮೊದಲು ಮೆಟ್ಟಿಲಿಗೇ ಹೋದೆವು. ಮೇಲಿನಿಂದ ತೋಟದವರೆಗೆ 70 ಮೆಟ್ಟಿಲು. ಹೆಚ್ಚಿನವು 20 ಸೆಂಟಿಮೀಟರ್ ಎತ್ತರ. ತಿರುವಿನ ಹತ್ತಿರ ಒಂದು ಮಾತ್ರ 26. ಕೆಳಗಿನ ಹತ್ತಿಪ್ಪತ್ತು ಮೆಟ್ಟಿಲುಗಳ ಅಂಚು ಸವೆದು ಉರುಟಾಗಿದೆ. ಹಿಡಿದುಕೊಳ್ಳಲು ಏನೂ ಇಲ್ಲ.

ಅಕ್ಕ ಇಳಿದರು. ಒಂದೊಂದೇ ಮೆಟ್ಟಿಲು, ಎರಡೂ ಪಾದ ಸೇರಿಸಿಕೊಂಡು. ಪ್ರತಿ ಸಲವೂ ಮೊದಲು ಕೆಳಗಿಡುವುದು ಎಡಗಾಲು. ನೋವಿನ ಬಲಗಾಲು ಮೇಲಿನ ಮೆಟ್ಟಿಲಿನಲ್ಲೇ ಉಳಿದಿರುತ್ತದೆ. ಎಡಪಾದ ಕೆಳಗಿನ ಕಲ್ಲನ್ನು ತಲುಪುವ ಕೊನೆಯ ಹಂತದಲ್ಲಿ ಮೈ ನಿಧಾನಕ್ಕೆ ಇಳಿಯುತ್ತಿರಲಿಲ್ಲ, ಬೀಳುತ್ತಿತ್ತು. ಪಾದ ಕಲ್ಲಿಗೆ ಬಡಿದ ಸದ್ದು ಕೇಳುತ್ತಿತ್ತು. ಅದೇ ಹೊತ್ತಿಗೆ ಬಲ ಹಿಮ್ಮಡಿ ಮೇಲೇಳುತ್ತಿತ್ತು, ಬಲ ಮೊಣಕಾಲು ಒಳಗಡೆಗೆ ವಾಲುತ್ತಿತ್ತು, ಬಲಪಾದವನ್ನು ಮೊದಲೇ ಹೊರಗಡೆಗೆ ತಿರುಗಿಸಿ ಇಟ್ಟುಕೊಂಡಿರುತ್ತಿದ್ದರು.

ಯಾಕೆ ಎಡಗಾಲು ಮೊದಲು ಎಂದು ಕೇಳಿದೆ. "ಬೇನೆ ಇಪ್ಪ ಕಾಲಿನ ಗಟ್ಟಿ ನೆಲಲ್ಲೇ ಮಡಿಕ್ಕೊಂಬದು. ಒಳ್ಳೆ ಕಾಲು ಹೋಗಿ ಜಾಗೆ ನೋಡಲಿ." ಕೇಳಿದರೆ ಎಷ್ಟು ಸರಿ ಎನಿಸುತ್ತದೆ. ಮೊಣಕಾಲು ನೋವಿನವರಲ್ಲಿ ಬಹಳ ಮಂದಿ ಇದನ್ನೇ ನಂಬಿ ಇದನ್ನೇ ಮಾಡುತ್ತಾರೆ.

ಆಮೇಲೆ ಹತ್ತಿದರು. ಹತ್ತುವಾಗಲೂ ಎಡಗಾಲೇ ಮೊದಲು. ಸಲೀಸಾಗಿ, ಏದುಸಿರಿಲ್ಲದೆ.

ಪ್ರಕರಣದ ಗುಟ್ಟು ಇಲ್ಲಿಯೇ ಇತ್ತು. ಮೆಟ್ಟಿಲಿನಲ್ಲಿ ಯಾವ ಕಾಲು ಚಲಿಸುತ್ತದೋ ಅದು ದುಡಿಯುತ್ತದೆ ಎಂದು ನಮಗೆ ಕಾಣುತ್ತದೆ. ಹಾಗಲ್ಲ. ಹತ್ತುವಾಗಲೂ ಇಳಿಯುವಾಗಲೂ ದುಡಿಯುವುದು ಮೇಲಿನ ಮೆಟ್ಟಿಲಿನಲ್ಲಿರುವ ಕಾಲು. ಹತ್ತುವಾಗ ಮೇಲಿಟ್ಟ ಕಾಲು ಮಡಚಿದ ಸ್ಥಿತಿಯಿಂದ ನೆಟ್ಟಗಾಗುತ್ತಾ ಮೈಯನ್ನು ಎತ್ತುತ್ತದೆ. ಇಳಿಯುವಾಗ ಮೇಲೆ ಉಳಿದ ಕಾಲು ನೆಟ್ಟಗಿನಿಂದ ಮಡಚುತ್ತಾ ಮೈಯನ್ನು ಇಳಿಸುತ್ತದೆ. ಕೆಳಗೆ ಹೋಗುತ್ತಿರುವ ಕಾಲು ಗಾಳಿಯಲ್ಲಿದೆ. ನೆಲ ಮುಟ್ಟುವವರೆಗೆ ಅದರಿಂದ ಯಾವ ಸಹಾಯವೂ ಇಲ್ಲ.

ಅಂದರೆ ಅಕ್ಕ ಎರಡು ದಿಕ್ಕಿನಲ್ಲೂ ಎಡಗಾಲು ಮುಂದಿಟ್ಟದ್ದರಿಂದ, ಹತ್ತುವಾಗ 70 ಸಲವೂ ಎತ್ತಿದ್ದು ಎಡಗಾಲು. ಬಲಗಾಲು ಹಿಂದಿನಿಂದ ಬಂದು ಸೇರಿಕೊಂಡದ್ದು ಅಷ್ಟೆ. ಇಳಿಯುವಾಗ 70 ಸಲವೂ ಭಾರ ಹೊತ್ತು ಇಳಿಸಿದ್ದು ಬಲಗಾಲು. "ಹತ್ತಲು ತೊಂದರೆಯಿಲ್ಲ" ಎಂಬ ಮಾತು ಬಲಗಾಲಿನ ಬಗ್ಗೆ ಏನನ್ನೂ ಹೇಳಿರಲೇ ಇಲ್ಲ. ಮೊಣಕಾಲು ನೋವಿನವರು ಹತ್ತುವುದು, ಇಳಿಯುವುದನ್ನು ಹೋಲಿಸಿ ಹೇಳಿದಾಗ, ಯಾವ ಕಾಲು ಮುಂದೆ ಎಂದು ನೋಡದೆ ಆ ಹೋಲಿಕೆಯನ್ನು ನಂಬಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಾಗಾದರೆ ಬಲಗಾಲಿಗೆ ಎರಡೂ ಆಗುವುದಿಲ್ಲವೋ, ಇಳಿಯುವುದು ಮಾತ್ರವೋ? ಬಲಗಾಲು ಮುಂದಿಟ್ಟು ಹತ್ತಿ ಎಂದೆ. ಅನುಮಾನಿಸುತ್ತಲೇ ಇಟ್ಟರು. ಮೈಯನ್ನು ಚೆನ್ನಾಗಿ ಮುಂದಕ್ಕೆ ಬಾಗಿಸಿ, ಕೆಳಗಿನ ಎಡಪಾದದ ಬೆರಳುಗಳಿಂದ ನೆಲವನ್ನು ಒತ್ತಿ, ಹತ್ತಿಬಿಟ್ಟರು. ನೋವು ಸ್ವಲ್ಪ ಇತ್ತು, ಕಾಲು ಕೈಕೊಡಲಿಲ್ಲ. ಅದೇ ಮೆಟ್ಟಿಲು, ಅದೇ ಕಾಲು, ಅದೇ ತೂಕ: ಹತ್ತಬಹುದು, ಇಳಿಯಲಾಗದು. ಇನ್ನು ಇದಕ್ಕೆ ಕಾರಣ ಬೇಕು.

ಎರಡು ಕೆಲಸಗಳ ಲೆಕ್ಕ

60 ಕಿಲೊ ಮೈಯನ್ನು 20 ಸೆಂಟಿಮೀಟರ್ ಎತ್ತಲು ಸುಮಾರು 118 ಜೂಲ್ ಕೆಲಸ ಆಗಬೇಕು. 70 ಮೆಟ್ಟಿಲೆಂದರೆ 14 ಮೀಟರ್ ಎತ್ತರ, ಒಟ್ಟು 8,200 ಜೂಲ್‌ನಷ್ಟು. ಹತ್ತುವಾಗ ಸ್ನಾಯುಗಳು ಇದನ್ನು ಹುಟ್ಟಿಸಬೇಕು. ಇಳಿಯುವಾಗ ಇಷ್ಟೇ ಶಕ್ತಿ ಮೈಯಿಂದ ಹೊರಟು ಎಲ್ಲಿಗಾದರೂ ಹೋಗಲೇಬೇಕು. ನಿಧಾನವಾಗಿ ಇಳಿದರೆ ಅದನ್ನು ಸ್ನಾಯುಗಳು ಹೀರಿಕೊಳ್ಳುತ್ತವೆ. ಅವು ಹೀರದಿದ್ದರೆ ಕೆಳಗಿನ ಪಾದ ಕಲ್ಲಿಗೆ ಬಡಿಯುತ್ತದೆ, ಆ ಪೆಟ್ಟು ಮೂಳೆ ಮತ್ತು ಕೀಲಿಗೆ ಹೋಗುತ್ತದೆ. ಅಕ್ಕನ ಪಾದದ ಸದ್ದು ಅದೇ.

ಹತ್ತುವಾಗ ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಮತ್ತು ಪೃಷ್ಠದ ದೊಡ್ಡ ಸ್ನಾಯು ಗ್ಲೂಟಿಯಸ್ ಮ್ಯಾಕ್ಸಿಮಸ್ ಬಿಗಿಯುತ್ತಾ ಗಿಡ್ಡವಾಗುತ್ತವೆ. ಇದು ಕಾನ್ಸೆಂಟ್ರಿಕ್ ಕೆಲಸ. ಇಳಿಯುವಾಗ ಕ್ವಾಡ್ರಿಸೆಪ್ಸ್ ಬಿಗಿಯಾಗಿಯೇ ಇರಬೇಕು, ಆದರೆ ಬಿಗಿಯಾಗಿದ್ದುಕೊಂಡೇ ಉದ್ದವಾಗುತ್ತಾ ಹೋಗಬೇಕು. ಬಾವಿಗೆ ಕೊಡ ಇಳಿಸುವಾಗ ಹಗ್ಗವನ್ನು ಹಿಡಿದುಕೊಂಡೇ ಸ್ವಲ್ಪಸ್ವಲ್ಪ ಬಿಡುತ್ತೇವಲ್ಲ, ಹಾಗೆ. ಇದು ಎಕ್ಸೆಂಟ್ರಿಕ್ ಕೆಲಸ.

ಈ ಎರಡನೆಯದು ಶರೀರಕ್ಕೆ ಆಶ್ಚರ್ಯವಾಗುವಷ್ಟು ಅಗ್ಗ. 1952ರಲ್ಲಿ ಅಬಟ್, ಬಿಗ್ಲಂಡ್ ಮತ್ತು ರಿಚಿ ಎಂಬ ಮೂವರು ಸಂಶೋಧಕರು ಎರಡು ಸೈಕಲ್‌ಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಒಂದೇ ಚೈನಿನಿಂದ ಜೋಡಿಸಿದರು. ಒಬ್ಬರು ಮುಂದಕ್ಕೆ ತುಳಿಯಬೇಕು, ಇನ್ನೊಬ್ಬರು ತಮ್ಮ ಪೆಡಲ್ ಹಿಂದಕ್ಕೆ ಬರುವಾಗ ತಡೆಯಬೇಕು. ಇಬ್ಬರ ಕಾಲಿನ ಮೇಲಿನ ಬಲ ಸಮ. ಆದರೆ ತಡೆಯುವವರಿಗೆ ಬೇಕಾದ ಆಮ್ಲಜನಕ ತುಳಿಯುವವರಿಗಿಂತ ಎಷ್ಟೋ ಕಡಿಮೆ. ಮೆಟ್ಟಿಲಿನಲ್ಲೂ ಹಾಗೆಯೇ. ಇಳಿಯಲು ಬೇಕಾಗುವ ಆಮ್ಲಜನಕ ಹತ್ತಲು ಬೇಕಾಗುವುದರ ಸುಮಾರು ಮೂರನೇ ಒಂದು ಭಾಗ. ಏದುಸಿರು ಬರುವುದಿಲ್ಲ, ಬೆವರು ಕಡಿಮೆ. ಅಕ್ಕನ ಮನೆಯವರು ಇಳಿಯುವುದನ್ನು ಸುಲಭ ಎಂದದ್ದು ಈ ಅಳತೆಯಿಂದ. ಶ್ವಾಸದ ಲೆಕ್ಕದಲ್ಲಿ ಅವರು ಹೇಳಿದ್ದು ಸರಿ, ಕಾಲಿನ ಲೆಕ್ಕದಲ್ಲಿ ಅಲ್ಲ.

ಅಗ್ಗವಾಗುವುದು ಹೇಗೆ ಎಂದರೆ, ಉದ್ದವಾಗುತ್ತಿರುವ ಸ್ನಾಯುವಿನ ಪ್ರತಿ ಎಳೆಯೂ ಹೆಚ್ಚು ಬಲವನ್ನು ತಡೆದುಕೊಳ್ಳಬಲ್ಲದು. ಹಾಗಾಗಿ ಅದೇ ಭಾರಕ್ಕೆ ಮಿದುಳು ಕಡಿಮೆ ಎಳೆಗಳನ್ನು ಕೆಲಸಕ್ಕೆ ಕರೆಯುತ್ತದೆ. ಕರೆಸಿಕೊಂಡ ಆ ಕೆಲವು ಎಳೆಗಳ ಮೇಲೆ ಒಂದೊಂದರ ಪಾಲಿಗೆ ಒತ್ತಡ ಹೆಚ್ಚು. ಕಡಿಮೆ ಎಳೆಗಳಿಂದ ನಯವಾಗಿ ಇಳಿಸಲು ಹತೋಟಿಯೂ ಹೆಚ್ಚು ಬೇಕು. ಮೂರು ವಾರ ಮಲಗಿದ್ದ ಕಾಲಿನಲ್ಲಿ ತೊಡೆ ಬಡವಾಗುತ್ತದೆ. ನೋವಿರುವ ಮೊಣಕಾಲಿನಲ್ಲಿ ಮಿದುಳು ಕ್ವಾಡ್ರಿಸೆಪ್ಸನ್ನು ತಾನಾಗಿಯೇ ತಡೆಹಿಡಿಯುತ್ತದೆ. ಎರಡೂ ಸೇರಿದರೆ ಹಿಡಿತ ನಡುವಿನಲ್ಲೇ ತಪ್ಪುತ್ತದೆ.

ಆದರೂ ಇದರಿಂದ ಪೂರ್ತಿ ಉತ್ತರ ಸಿಗುವುದಿಲ್ಲ. ಉದ್ದವಾಗುವಾಗ ಸ್ನಾಯುವಿಗೆ ತಾಕತ್ತು ಹೆಚ್ಚು ಎಂದಾದರೆ ಇಳಿಯುವುದೇ ಸುಲಭವಾಗಬೇಕಿತ್ತಲ್ಲ? ಇಲ್ಲಿ ಮೈಯ ಭಂಗಿಯನ್ನು ನೋಡಬೇಕು. ಅಕ್ಕ ಬಲಗಾಲಿನಿಂದ ಹತ್ತಿದಾಗ ಎರಡು ಉಪಾಯ ಮಾಡಿದ್ದರು. ಮೈ ಮುಂದಕ್ಕೆ ಬಾಗಿಸಿದರು: ಆಗ ಭಾರದ ಗೆರೆ ಮೊಣಕಾಲಿನ ಹತ್ತಿರಕ್ಕೆ ಬಂದು, ಕೆಲಸದ ದೊಡ್ಡ ಪಾಲು ಪೃಷ್ಠದ ಸ್ನಾಯುವಿಗೆ ಹೋಗುತ್ತದೆ. ಎಡ ಮೀನಖಂಡದಿಂದ ಕೆಳಗಿನಿಂದ ನೂಕಿದರು: ಆಗ ಬಲಗಾಲು ಎತ್ತಬೇಕಾದ ಭಾರವೇ ಕಡಿಮೆಯಾಗುತ್ತದೆ. ಇಳಿಯುವಾಗ ಈ ಎರಡೂ ಇಲ್ಲ. ಮುಂದೆ ಬಾಗಿದರೆ ಮುಗ್ಗರಿಸುತ್ತೇವೆ, ಆದ್ದರಿಂದ ಮೈಯನ್ನು ನೆಟ್ಟಗೆ ಇಟ್ಟುಕೊಳ್ಳುತ್ತೇವೆ, ಹೆದರಿದವರು ಹಿಂದಕ್ಕೇ ವಾಲುತ್ತಾರೆ. ಪೃಷ್ಠಕ್ಕೆ ಹೋಗಬೇಕಾದ ಪಾಲು ಮೊಣಕಾಲಿನಲ್ಲೇ ಉಳಿಯುತ್ತದೆ. ಇನ್ನೊಂದು ಕಾಲು ಗಾಳಿಯಲ್ಲಿರುವುದರಿಂದ ನೂಕುವವರೂ ಇಲ್ಲ. ಹತ್ತುವುದು ಹಂಚಿಕೊಂಡು ಮಾಡುವ ಕೆಲಸ, ಇಳಿಯುವುದು ಒಂಟಿ ಮೊಣಕಾಲಿನ ಕೆಲಸ.

ಇಲ್ಲಿಗೇ ಹೇಳಿಬಿಡುತ್ತೇನೆ, ಇಳಿಯುವುದರಿಂದ ಗಂಟು ಹಾಳಾಗುತ್ತದೆ ಎಂಬ ಮಾತು ಹೆಚ್ಚು ಹಬ್ಬಿದೆ. ಬರ್ಲಿನ್‌ನ ಸಂಶೋಧಕರು ಅಳತೆಯ ಉಪಕರಣವನ್ನೇ ಒಳಗಿಟ್ಟ ಕೃತಕ ಮೊಣಕಾಲುಗಳಿಂದ ನೇರವಾಗಿ ಒತ್ತಡವನ್ನು ಅಳೆದು 2010ರಲ್ಲಿ ಪ್ರಕಟಿಸಿದರು. ಸಮತಟ್ಟಿನಲ್ಲಿ ನಡೆಯುವಾಗ ಮೈತೂಕದ ಸುಮಾರು 2.6 ಪಟ್ಟು, ಹತ್ತುವಾಗ 3.2, ಇಳಿಯುವಾಗ 3.5. ಹತ್ತುವುದಕ್ಕೂ ಇಳಿಯುವುದಕ್ಕೂ ಕೀಲಿನ ಒತ್ತಡದಲ್ಲಿ ಅಂತರ ಇದೆ, ಆದರೆ ಬಹಳ ದೊಡ್ಡದಲ್ಲ. ಹತ್ತುವುದು ಸರಿ, ಇಳಿಯುವುದು ಬೇಡ ಎಂದು ಹೇಳುವಷ್ಟು ಅಂತೂ ಅಲ್ಲ.

ಪಾದದ ಗಂಟಿನಲ್ಲಿ ಸಿಕ್ಕಿದ್ದು

ಬಲ ಹಿಮ್ಮಡಿ ಮೊದಲೇ ಮೇಲೇಳುತ್ತಿದ್ದುದು ನನ್ನ ತಲೆಯಲ್ಲಿ ಉಳಿದಿತ್ತು. ಮೇಲಿನ ಮೆಟ್ಟಿಲಿನ ಕಾಲು ಮಡಚುವಾಗ ಮೊಣಕಾಲು ಪಾದದ ಬೆರಳುಗಳನ್ನು ದಾಟಿ ಮುಂದಕ್ಕೆ ಹೋಗಬೇಕು. ಅದಕ್ಕೆ ಪಾದದ ಗಂಟು ಚೆನ್ನಾಗಿ ಮಡಚಬೇಕು. ಸಮತಟ್ಟಿನ ನಡಿಗೆಗೆ 10 ಡಿಗ್ರಿಯ ಆಸುಪಾಸು ಸಾಕಾಗುತ್ತದೆ, ಮೆಟ್ಟಿಲು ಇಳಿಯಲು ಅದರ ಎರಡು ಪಟ್ಟಾದರೂ ಬೇಕು. ಹತ್ತುವಾಗ ಪಾದದ ಗಂಟಿಗೆ ಇಷ್ಟು ಮಡಚಬೇಕಾಗಿಲ್ಲ.

ಇದನ್ನು ಅಳೆಯಲು ಗೋಡೆ ಮತ್ತು ಸ್ಕೇಲು ಸಾಕು. ಗೋಡೆಗೆ ಎದುರಾಗಿ ನಿಂತು, ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ಮುಟ್ಟಿಸಬೇಕು. ಮುಟ್ಟಿದರೆ ಪಾದವನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಮತ್ತೆ ನೋಡಬೇಕು. ಹಿಮ್ಮಡಿ ಏಳದೆ ಮುಟ್ಟಲು ಆಗುವ ಅತಿ ಹೆಚ್ಚು ದೂರ ಎಷ್ಟು, ಹೆಬ್ಬೆರಳಿನಿಂದ ಗೋಡೆಗೆ ಅಳೆಯಬೇಕು. ಅಕ್ಕನ ಎಡಗಾಲಿಗೆ 10 ಸೆಂಟಿಮೀಟರ್, ಬಲಗಾಲಿಗೆ 4. ಕೇಳಿದಾಗ ಹಳೆಯ ಕತೆ ಬಂತು: ಹದಿನೈದಿಪ್ಪತ್ತು ವರ್ಷದ ಹಿಂದೆ ತೋಡು ದಾಟುವ ಅಡಿಕೆ ಮರದ ಸಂಕದಿಂದ ಜಾರಿ ಬಿದ್ದು ಬಲಪಾದದ ಗಂಟು ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿದ ಮೇಲೆ ನಡೆಯಲು ಬಂತು, ಮತ್ತೆ ಯಾರೂ ಅದರ ಗೋಜಿಗೆ ಹೋಗಲಿಲ್ಲ.

ಗಂಟು ಬಿಗಿಯಾಗಿದ್ದವರಿಗೆ ಇಳಿಯಲು ಅಡ್ಡದಾರಿಗಳಿವೆ. ಹಿಮ್ಮಡಿ ಬೇಗ ಎತ್ತುವುದು, ಪಾದ ಹೊರಗೆ ತಿರುಗಿಸುವುದು, ಮೊಣಕಾಲು ಒಳಗೆ ವಾಲಿಸುವುದು. ಅಕ್ಕ ಮೂರನ್ನೂ ಮಾಡುತ್ತಿದ್ದರು. ಹಿಮ್ಮಡಿ ಎದ್ದಾಗ ಮೈಭಾರ ಪಾದದ ಮುಂಭಾಗಕ್ಕೆ ಬಂದು ನಿಲುವು ಸಡಿಲವಾಗುತ್ತದೆ. ಮೊಣಕಾಲು ಒಳಗೆ ವಾಲಿದಾಗ ಚಿಪ್ಪು ತನ್ನ ದಾರಿಯ ಹೊರ ಅಂಚಿಗೆ ಒತ್ತಿಕೊಳ್ಳುತ್ತದೆ. ತೊಡೆ ಗಟ್ಟಿಯಾಗಿದ್ದಷ್ಟು ಕಾಲ ಇದೆಲ್ಲ ಹೇಗೋ ನಡೆದುಹೋಗಿತ್ತು. ಜ್ವರದ ನಂತರ ತೊಡೆ ಸೋತಾಗ ಹಳೆಯ ಬಿಗಿತ ಎದ್ದು ಕಂಡಿತು. ಚಿಪ್ಪಿನಿಂದ 10 ಸೆಂಟಿಮೀಟರ್ ಮೇಲೆ ಟೇಪು ಸುತ್ತಿ ನೋಡಿದರೆ ಬಲತೊಡೆಯ ಸುತ್ತಳತೆ ಎಡಕ್ಕಿಂತ ಒಂದೂವರೆ ಸೆಂಟಿಮೀಟರ್ ಕಡಿಮೆ.

ಮಲಗಿಸಿ ಕೈಯಿಂದ ಒತ್ತಿ ನೋಡುವ ಸಾಮಾನ್ಯ ಪರೀಕ್ಷೆಯಲ್ಲಿ ಬಲತೊಡೆ ಬಹುತೇಕ ಎಡದಷ್ಟೇ ಗಟ್ಟಿ ಎನಿಸಿತು. ಆ ಪರೀಕ್ಷೆ ತಡೆದು ನಿಲ್ಲುವ ಶಕ್ತಿಯನ್ನು ಒಂದೇ ಭಂಗಿಯಲ್ಲಿ ತೋರಿಸುತ್ತದೆ, ಬಿಡುತ್ತಾ ಹೋಗುವ ಹತೋಟಿಯನ್ನಲ್ಲ. ಅದು ಕಾಣಿಸಿದ್ದು ಕುರ್ಚಿಯಲ್ಲಿ. ಕೈ ಊರದೆ ಕುರ್ಚಿಯಿಂದ ಏಳಲು ಅಕ್ಕನಿಗೆ ಬರುತ್ತಿತ್ತು. ಕುಳಿತುಕೊಳ್ಳುವಾಗ ಮಾತ್ರ ಕೊನೆಯಲ್ಲಿ ದೊಪ್ಪೆಂದು ಕುಳಿತುಬಿಡುತ್ತಿದ್ದರು, ಮೈ ಎಡಕ್ಕೆ ಸರಿಯುತ್ತಿತ್ತು. ಏಳುವುದು ಹತ್ತುವ ಜಾತಿಯದು, ಕುಳಿತುಕೊಳ್ಳುವುದು ಇಳಿಯುವ ಜಾತಿಯದು. ಮನೆಯಲ್ಲಿ ವಯಸ್ಸಾದವರು ಕುಳಿತುಕೊಳ್ಳುವ ರೀತಿಯನ್ನು ಗಮನಿಸಿದರೆ, ಅವರು ಮೆಟ್ಟಿಲು ಹೇಗೆ ಇಳಿಯುತ್ತಾರೆ ಎಂದು ಬಹುಮಟ್ಟಿಗೆ ಮೊದಲೇ ಹೇಳಬಹುದು.

ಮಾಡಿದ್ದು

ಮೊದಲ ದಿನವೇ ಮಾಡಿದ ಬದಲಾವಣೆ ಒಂದೇ. ಹತ್ತುವಾಗ ಎಡಗಾಲು ಮುಂದೆ, ಅದು ಹಾಗೆಯೇ ಇರಲಿ. ಇಳಿಯುವಾಗ ನೋವಿನ ಬಲಗಾಲು ಮುಂದೆ. ಹೀಗೆ ಮಾಡಿದರೆ ಮೇಲೆ ಉಳಿದು ಮೈ ಇಳಿಸುವುದು ಎಡಗಾಲಾಗುತ್ತದೆ. ಅಕ್ಕ ಒಪ್ಪಲು ಹಿಂಜರಿದರು, ನೋವಿನ ಕಾಲನ್ನು ಮುಂದೆ ಕಳಿಸುವುದೇ ಅವರಿಗೆ ಧೈರ್ಯಗೇಡು. ಮನೆಯ ಜಗುಲಿಯ ಮೆಟ್ಟಿಲಿನಲ್ಲಿ ನನ್ನ ಕೈ ಹಿಡಿದು ಇಳಿದರು. ಪಾದದ ಸದ್ದು ಬರಲಿಲ್ಲ. ಮತ್ತೆ ಮತ್ತೆ ಇಳಿದು ನೋಡಿದರು. ಅಂದಿನಿಂದ ತೋಟಕ್ಕೆ ಹೋಗುವುದು ನಿಲ್ಲಲಿಲ್ಲ. ಮಗ ಮೆಟ್ಟಿಲಿನ ಒಂದು ಬದಿಗೆ ಕಬ್ಬಿಣದ ಪೈಪು ಹಾಕಿಸಿದ. ಇಳಿಯುವಾಗ ಕೈಯನ್ನು ಪೈಪಿನ ಮೇಲೆ ಸ್ವಲ್ಪ ಮುಂದಕ್ಕೆ ಇಟ್ಟುಕೊಂಡು ಇಳಿಯಬೇಕು. ಹಿಂದಿನಿಂದ ಹಿಡಿದು ಜೋತುಬಿದ್ದರೆ ಮೈ ಹಿಂದಕ್ಕೆ ವಾಲಿ ಮೊಣಕಾಲಿನ ಹೊರೆ ಹೆಚ್ಚುತ್ತದೆ.

ಆದರೆ ಕಾಲು ಅದಲುಬದಲು ಮಾಡುವುದು ನೋವು ತಪ್ಪಿಸುವ ದಾರಿ, ಬಲಗಾಲನ್ನು ಸರಿ ಮಾಡುವ ದಾರಿಯಲ್ಲ. ಹಾಗೆಯೇ ಬಿಟ್ಟರೆ ಬಲತೊಡೆ ಇನ್ನೂ ಸೋಲುತ್ತದೆ. ಎಕ್ಸೆಂಟ್ರಿಕ್ ಹಿಡಿತ ಬರುವುದು ಎಕ್ಸೆಂಟ್ರಿಕ್ ಕೆಲಸದಿಂದಲೇ, ಅಂದರೆ ಬಲಗಾಲಿನಿಂದ ಇಳಿದೇ ಕಲಿಯಬೇಕು, ಆದರೆ ಅದಕ್ಕೆ ತಡೆಯುವಷ್ಟು ಎತ್ತರದಿಂದ.

ಆ ಮನೆಯಲ್ಲಿ ಊಟಕ್ಕೆ ಕೂರುವ ದಪ್ಪ ಮಣೆ ಇತ್ತು, 5 ಸೆಂಟಿಮೀಟರ್ ಎತ್ತರದ್ದು. ಅದನ್ನು ಜಾರದಂತೆ ಗೋಡೆಗೆ ತಾಗಿಸಿ ಇಟ್ಟೆವು. ಬಲಗಾಲು ಮಣೆಯ ಮೇಲೆ, ಕೈ ಗೋಡೆಯ ಮೇಲೆ. ಎಡ ಹಿಮ್ಮಡಿಯನ್ನು ಮುಂದಿನ ನೆಲಕ್ಕೆ ಇಳಿಸಬೇಕು, ಮನಸ್ಸಿನಲ್ಲಿ ನಾಲ್ಕರವರೆಗೆ ಎಣಿಸುತ್ತಾ. ಹಿಮ್ಮಡಿ ನೆಲವನ್ನು ಮುಟ್ಟಬೇಕು, ಭಾರ ಹಾಕಬಾರದು, ಮತ್ತೆ ಮೇಲಕ್ಕೆ. ಮೊಣಕಾಲು ಎರಡನೆಯ ಬೆರಳಿನ ನೇರಕ್ಕೆ ಹೋಗಬೇಕು, ಹೆಬ್ಬೆರಳಿನ ಒಳಗಡೆಗೆ ವಾಲಬಾರದು. ಸೊಂಟದ ಎರಡು ಬದಿಯೂ ಸಮವಾಗಿರಬೇಕು. ಇದನ್ನು ಹಿಡಿದಿಡುವುದು ಸೊಂಟದ ಪಕ್ಕದ ಗ್ಲೂಟಿಯಸ್ ಮೀಡಿಯಸ್. ಎಂಟೆಂಟರ ಮೂರು ಸುತ್ತು, ದಿನ ಬಿಟ್ಟು ದಿನ. ನೋವು ಹತ್ತರಲ್ಲಿ ಮೂರಕ್ಕಿಂತ ಹೆಚ್ಚಾದರೆ ಅಥವಾ ಮರುದಿನ ಬೆಳಿಗ್ಗೆಯೂ ಗಂಟಿನಲ್ಲಿ ಉಳಿದರೆ ಆ ಎತ್ತರ ಅಥವಾ ಆ ಎಣಿಕೆ ಜಾಸ್ತಿಯಾಯಿತು ಎಂದು ತಿಳಿಯಬೇಕು.

ಇದರ ಜೊತೆಗೆ ಎರಡು ಸಣ್ಣ ಕೆಲಸ. ಕುರ್ಚಿಯಲ್ಲಿ ಕುಳಿತುಕೊಳ್ಳುವಾಗಲೆಲ್ಲ ನಾಲ್ಕರವರೆಗೆ ಎಣಿಸಿ ಕುಳಿತುಕೊಳ್ಳುವುದು. ಪಾದದ ಗಂಟಿಗೆ, ಗೋಡೆಯ ಅದೇ ಪರೀಕ್ಷೆಯನ್ನೇ ವ್ಯಾಯಾಮವಾಗಿ ಮಾಡುವುದು: ಹಿಮ್ಮಡಿ ಊರಿ ಮೊಣಕಾಲನ್ನು ಗೋಡೆಯ ಕಡೆಗೆ ನಿಧಾನವಾಗಿ ಒತ್ತಿ ಬಿಡುವುದು, ದಿನವೂ.

ಇಳಿಯುವುದನ್ನೇ ವ್ಯಾಯಾಮ ಮಾಡುವುದು ಕೇಳಲು ವಿಚಿತ್ರವಾದರೂ ಅದಕ್ಕೆ ಆಧಾರವಿದೆ. ತೈವಾನ್‌ನಲ್ಲಿ ತೂಕ ಹೆಚ್ಚಿದ್ದ ಹಿರಿಯ ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪು 12 ವಾರ ಮೆಟ್ಟಿಲು ಹತ್ತುವುದನ್ನು ಮಾತ್ರ, ಇನ್ನೊಂದು ಇಳಿಯುವುದನ್ನು ಮಾತ್ರ ಮಾಡಿತು. 2017ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ತೊಡೆಯ ಬಲ ಹೆಚ್ಚು ಸುಧಾರಿಸಿದ್ದು ಇಳಿದವರಲ್ಲಿ. ಆ ಮಹಿಳೆಯರೂ ಕಡಿಮೆಯಿಂದ ಶುರು ಮಾಡಿ ಮೆಲ್ಲನೆ ಏರಿಸಿಕೊಂಡು ಹೋದವರು.

ಮೂರನೆಯ ವಾರದ ಗಾಬರಿ

ಮಣೆಯಿಂದ ಚೆನ್ನಾಗಿ ಇಳಿಯಲು ಬಂದ ಮೇಲೆ ಅಕ್ಕನಿಗೆ ಉತ್ಸಾಹ ಬಂತು. ಕೆಲಸದವರು ಬಾರದ ಒಂದು ದಿನ ಸೊಪ್ಪಿನ ಹೊರೆಯನ್ನು ತಲೆಯ ಮೇಲೆ ಹೊತ್ತು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಇಳಿದು ಹತ್ತಿದರು, ಒಂದರ ಹಿಂದೆ ಒಂದು ಕಾಲು ಹಾಕುತ್ತಾ. ಆ ಸಂಜೆ ಏನೂ ಆಗಲಿಲ್ಲ. ಮರುದಿನ ತೊಡೆ ಹಿಡಿದುಕೊಂಡಿತು. ಅದರ ಮರುದಿನ ಮಂಚದಿಂದ ಏಳಲು ಕಷ್ಟ. ಎಲ್ಲ ಮೊದಲಿನ ಹಾಗೆಯೇ ಆಯಿತು ಎಂದು ಫೋನ್ ಮಾಡಿದರು.

ಎಲ್ಲಿ ನೋವು ಎಂದು ಕೇಳಿದೆ. ಎರಡೂ ತೊಡೆಯ ಮುಂಭಾಗದ ಮಾಂಸದಲ್ಲಿ, ಒತ್ತಿದರೆ ನೋವು, ಕೂತರೆ ಎದ್ದರೆ ನೋವು, ಸುಮ್ಮನೆ ಮಲಗಿದರೆ ಇಲ್ಲ. ಮೊಣಕಾಲಿನ ಚಿಪ್ಪಿನ ಹತ್ತಿರ ಏನೂ ಇಲ್ಲ. ಇದು ಗಂಟಿನ ನೋವಲ್ಲ. ಉದ್ದವಾಗುತ್ತಾ ಬಿಗಿದ ಸ್ನಾಯುವಿನ ಎಳೆಗಳಲ್ಲಿ ಆಗುವ ಅತಿ ಸಣ್ಣ ಗಾಯಗಳ ನೋವು. ಹತ್ತುವ ಕೆಲಸದಿಂದ ಇದು ಅಷ್ಟಾಗಿ ಬರುವುದಿಲ್ಲ, ಇಳಿಯುವ ಕೆಲಸದಿಂದಲೇ ಹೆಚ್ಚು. ಒಂದರಿಂದ ಮೂರು ದಿನದೊಳಗೆ ಜೋರಾಗಿ, ವಾರದೊಳಗೆ ಕರಗುತ್ತದೆ. ಎರಡೂ ಕಾಲಿನಲ್ಲಿ ಇರುವುದು, ತಡವಾಗಿ ಬರುವುದು, ಮಾಂಸದಲ್ಲಿ ಇರುವುದು ಇದರ ಗುರುತು. ಗಂಟಿನ ನೋವಾಗಿದ್ದರೆ ಇಳಿಯುತ್ತಿರುವಾಗಲೇ ಅಥವಾ ಅದೇ ಸಂಜೆ, ಒಂದೇ ಕಾಲಿನಲ್ಲಿ, ಚಿಪ್ಪಿನ ಸುತ್ತ ಬರುತ್ತಿತ್ತು, ಊತವೂ ಇರಬಹುದಿತ್ತು. ಮೂತ್ರದ ಬಣ್ಣ ಕೇಳಿದೆ, ಕಪ್ಪು ಚಹಾದಂತೆ ಆಗಿದ್ದರೆ ಅದು ಸ್ನಾಯು ಅತಿಯಾಗಿ ಹಾಳಾದ ಲಕ್ಷಣ, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಒಂದೇ ಕಡೆಯ ಮೀನಖಂಡ ಊದಿಕೊಂಡಿದ್ದರೂ ಹಾಗೆಯೇ, ರಕ್ತ ಹೆಪ್ಪುಗಟ್ಟಿರಬಹುದು. ಎರಡೂ ಇರಲಿಲ್ಲ.

ನಾಲ್ಕು ದಿನ ಮಣೆಯ ವ್ಯಾಯಾಮ ನಿಲ್ಲಿಸಿ ಸಮತಟ್ಟಿನಲ್ಲಿ ನಡೆಯಲು ಹೇಳಿದೆ. ಸ್ನಾಯುವಿನ ಒಂದು ಒಳ್ಳೆಯ ಗುಣವೆಂದರೆ, ಒಮ್ಮೆ ಹೀಗಾದ ಮೇಲೆ ಅಷ್ಟೇ ಕೆಲಸವನ್ನು ಎರಡನೆಯ ಸಲ ಮಾಡಿದರೆ ಅಷ್ಟು ನೋವಾಗುವುದಿಲ್ಲ. ಈ ರಕ್ಷಣೆ ವಾರಗಟ್ಟಲೆ ಉಳಿಯುತ್ತದೆ. ಅಕ್ಕನಿಗೂ ಮುಂದಿನ ಸಲ ಹಾಗೆ ಆಗಲಿಲ್ಲ. ಆದರೆ ತಲೆಹೊರೆಯೊಂದಿಗೆ ಇಳಿಯುವುದನ್ನು ಮಾತ್ರ ಬಿಡಿಸಿದೆ. ಹೊರೆ ತಲೆಯ ಮೇಲಿದ್ದರೆ ಕೆಳಗಿನ ಮೆಟ್ಟಿಲು ಕಾಣಿಸುವುದಿಲ್ಲ, ಕೈ ಪೈಪಿಗೆ ಸಿಗುವುದಿಲ್ಲ. ಮೆಟ್ಟಿಲಿನಲ್ಲಿ ಬೀಳುವವರಲ್ಲಿ ಹೆಚ್ಚಿನವರು ಬೀಳುವುದು ಇಳಿಯುವಾಗಲೇ, ಮತ್ತು ಮುಂದಕ್ಕೆ ಬಿದ್ದರೆ ಎಷ್ಟು ಮೆಟ್ಟಿಲು ಎಂಬ ಲೆಕ್ಕವಿರುವುದಿಲ್ಲ. ಸೊಪ್ಪನ್ನು ಈಗ ಕಟ್ಟು ಕಟ್ಟಿ ಬದಿಯ ಇಳಿಜಾರಿನಲ್ಲಿ ಉರುಳಿಸುತ್ತಾರೆ. ಹುಲ್ಲಿನ ಹೊರೆ ಮೇಲಕ್ಕೆ ತರುವಾಗ ಹೊತ್ತೇ ತರುತ್ತಾರೆ, ಅದಕ್ಕೆ ನಾನು ಅಡ್ಡಿ ಹೇಳಲಿಲ್ಲ.

ಎಲ್ಲಿಗೆ ಬಂತು

ಎರಡು ತಿಂಗಳಲ್ಲಿ ಮಣೆಯಿಂದ, ಅಡ್ಡವಾಗಿ ಚಪ್ಪಟೆಗೆ ಇಟ್ಟ ಅರ್ಧ ಎತ್ತರದ ಮುರಕಲ್ಲಿಗೆ, ಅಲ್ಲಿಂದ ಜಗುಲಿಯ ಮೆಟ್ಟಿಲಿಗೆ ಬಂದೆವು. ಮೂರನೆಯ ತಿಂಗಳ ಕೊನೆಯಲ್ಲಿ 20 ಸೆಂಟಿಮೀಟರ್ ಮೆಟ್ಟಿಲಿನಿಂದ ಬಲಗಾಲಿನ ಮೇಲೆ ಎಂಟು ಸಲ, ಸದ್ದಿಲ್ಲದೆ, ಮೊಣಕಾಲು ವಾಲದೆ ಇಳಿಸಲು ಆಗುತ್ತಿತ್ತು. ಕುರ್ಚಿಯಲ್ಲಿ ದೊಪ್ಪೆನ್ನುವುದು ನಿಂತಿತು. ತೊಡೆಯ ಸುತ್ತಳತೆಯ ಅಂತರ ಅರ್ಧ ಸೆಂಟಿಮೀಟರಿಗೆ ಇಳಿಯಿತು.

ಪಾದದ ಗಂಟು 4ರಿಂದ 6 ಸೆಂಟಿಮೀಟರಿಗೆ ಬಂದು ನಿಂತುಹೋಯಿತು. ಹಳೆಯ ಮೂಳೆಮುರಿತದ ನಂತರ ಇಷ್ಟು ವರ್ಷ ಕಳೆದ ಗಂಟು ಪೂರ್ತಿ ಬಿಡುತ್ತದೆ ಎಂದು ನಾನು ನಿರೀಕ್ಷಿಸಿರಲಿಲ್ಲ. ಹಾಗಾಗಿ ಮೆಟ್ಟಿಲನ್ನೇ ಸ್ವಲ್ಪ ಬದಲಾಯಿಸಿದೆವು. ತಿರುವಿನ 26 ಸೆಂಟಿಮೀಟರ್ ಮೆಟ್ಟಿಲಿನ ಕೆಳಗೆ ತೆಳುವಾದ ಒಂದು ಕಲ್ಲು ಕೂರಿಸಿ ಅದನ್ನು ಎರಡು 13ರ ಮೆಟ್ಟಿಲಾಗಿ ಮಾಡಲಾಯಿತು. ಮೊದಲು ಕಾಲು ಕೈಕೊಡುತ್ತಿದ್ದ ಜಾಗ ಹೆಚ್ಚಾಗಿ ಅದೇ. ಎತ್ತರ ಬೇರೆ ಬೇರೆ ಇದ್ದರೆ ಕಾಲಿಗೆ ಲೆಕ್ಕ ತಪ್ಪುತ್ತದೆ, ಆದ್ದರಿಂದ ಆ ಎರಡರ ಅಂಚಿಗೆ ಬಿಳಿ ಬಣ್ಣ ಬಳಿದಿದ್ದಾರೆ.

ಒಣ ದಿನಗಳಲ್ಲಿ ಅಕ್ಕ ಈಗ ಒಂದರ ಹಿಂದೆ ಒಂದು ಕಾಲು ಹಾಕಿ ಪೂರ್ತಿ ಮೆಟ್ಟಿಲು ಇಳಿಯುತ್ತಾರೆ. ಚಿಪ್ಪಿನ ಸುತ್ತ ಸ್ವಲ್ಪ ನೋವು ಎರಡನೆಯ ಸಲ ಇಳಿಯುವಾಗ ಕೆಲವೊಮ್ಮೆ ಇರುತ್ತದೆ. ಎಕ್ಸ್‌ರೇಯಲ್ಲಿ ಕಂಡ ಸವೆತ ಅಲ್ಲೇ ಇದೆ, ಅದಕ್ಕೆ ನಾವು ಏನೂ ಮಾಡಿಲ್ಲ. ಮಳೆಗಾಲದಲ್ಲಿ ಮುರಕಲ್ಲಿಗೆ ಪಾಚಿ ಹಿಡಿದಾಗ ಹಳೆಯ ಕ್ರಮಕ್ಕೇ ಬರಬೇಕೆಂದು ಒಪ್ಪಿಸಿದ್ದೇನೆ: ಒಂದೊಂದೇ ಮೆಟ್ಟಿಲು, ಬಲಗಾಲು ಮುಂದೆ, ಕೈ ಪೈಪಿನ ಮೇಲೆ. ಮಣೆಯ ವ್ಯಾಯಾಮ ವಾರಕ್ಕೆ ಎರಡು ಸಲ ಮುಂದುವರಿದಿದೆ. ಜ್ವರ ಬಂದೋ ಬೇರೆ ಕಾರಣಕ್ಕೋ ಮತ್ತೆ ಹತ್ತು ದಿನಕ್ಕಿಂತ ಹೆಚ್ಚು ಮಲಗಬೇಕಾಗಿ ಬಂದರೆ, ಎದ್ದ ಮೇಲೆ ತೋಟಕ್ಕೆ ಇಳಿಯುವ ಮೊದಲು 5 ಸೆಂಟಿಮೀಟರ್ ಮಣೆಯಿಂದಲೇ ಮತ್ತೆ ಶುರು ಮಾಡಬೇಕು, ಎಂಟು ಸಲ ಸದ್ದಿಲ್ಲದೆ ಇಳಿಯಲು ಬಂದ ಮೇಲಷ್ಟೇ ಮುರಕಲ್ಲಿನ ಮೆಟ್ಟಿಲು.